ಹೆದರಿಸದೆ ವಿಮೆ ಮಾರುವುದು

ವಿಮೆಯ ಜಾಹೀರಾತು ಎಂದರೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಒಂದೇ ಬಗೆಯ ಚಿತ್ರ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ, ಅದರ ಕೆಳಗೆ ಹೆಂಡತಿ, ಶಾಲೆಗೆ ಹೋಗುವ ಮಗು, ‘ನೀವಿಲ್ಲದಿದ್ದರೆ ಇವರ ಗತಿಯೇನು?’ ಎನ್ನುವ ಪ್ರಶ್ನೆ. ಹೆದರಿಕೆಯಿಂದ ಸಹಿ ಬೀಳುವುದು ನಿಜ. ಆದರೆ ಹೆದರಿ ಸಹಿ ಹಾಕಿದವರು ತಾವು ಕೊಂಡದ್ದೇನು ಎಂದು ಓದಿ ನೋಡುವುದು ಅಪರೂಪ. ಓದಲು ಕೂತವರೂ ಮೂರನೇ ಪುಟದ ಷರತ್ತುಗಳಲ್ಲಿ ಸೋತು ಕಾಗದವನ್ನು ಬೀರುವಿನಲ್ಲಿಡುತ್ತಾರೆ. ಆ ಕಾಗದ ಮತ್ತೆ ಹೊರಬರುವುದು ಆಸ್ಪತ್ರೆಯ ಕೌಂಟರಿನ ಮುಂದೆ, ಕೊಂಡದ್ದು ಏನನ್ನು ಎಂದು ತಿಳಿಯುವುದೂ ಅಲ್ಲೇ.

ಈ ಪದ್ಧತಿಯನ್ನು ಬುಡದಿಂದಲೇ ಬದಲಿಸುತ್ತೇವೆ ಎಂದು ಹೊರಟ ಒಂದು ಕಂಪನಿಯ ಕಥೆ ವಿವರವಾಗಿ ನೋಡುವಂಥದ್ದು. ಅದರ ಹೆಸರು ಲೆಮನೇಡ್. ಡೇನಿಯಲ್ ಶ್ರೈಬರ್ ಮತ್ತು ಶಾಯ್ ವಿನಿಂಗರ್ ಎಂಬಿಬ್ಬರು 2015ರಲ್ಲಿ ಅದನ್ನು ಕಟ್ಟಿದರು. ಇಬ್ಬರೂ ಇಸ್ರೇಲಿನ ತಂತ್ರಜ್ಞಾನ ಉದ್ಯಮದಿಂದ ಬಂದವರು, ವಿಮೆಯಲ್ಲಿ ಪಳಗಿದವರಲ್ಲ. 2016ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮಾರಾಟ ಶುರುವಾಯಿತು. ಬಾಡಿಗೆ ಮನೆಯಲ್ಲಿರುವವರು ತಮ್ಮ ಸಾಮಾನುಗಳಿಗೆ ಮಾಡಿಸುವ ವಿಮೆ ತಿಂಗಳಿಗೆ ಐದು ಡಾಲರಿನಿಂದ ಸಿಗುತ್ತಿತ್ತು. ಏಜೆಂಟ್ ಇರಲಿಲ್ಲ, ಎಲ್ಲವೂ ಫೋನಿನಲ್ಲೇ. ಗ್ರಾಹಕರಲ್ಲಿ ಹೆಚ್ಚಿನವರು ಅದುವರೆಗೆ ವಿಮೆಯನ್ನೇ ಮಾಡಿಸದ ಎಳೆಯರು.

ಹೆಸರು, ಬಣ್ಣಗಳ ವಿಷಯವನ್ನು ಬೇಗ ಮುಗಿಸಿಬಿಡಬಹುದು. ವಿಮಾ ಕಂಪನಿಗಳಿಗೆ ಸಾಮಾನ್ಯವಾಗಿ ಗಂಭೀರವಾದ ಹೆಸರು, ನೀಲಿ ಬಣ್ಣ, ಕೋಟೆಯೋ ಬಂಡೆಯೋ ಕೊಡೆಯೋ ಇರುವ ಲಾಂಛನ. ಇವರು ಶರಬತ್ತಿನ ಹೆಸರಿಟ್ಟು ಢಾಳಾದ ಗುಲಾಬಿ ಬಣ್ಣ ಆರಿಸಿಕೊಂಡರು. ಆ ಬಣ್ಣಕ್ಕಾಗಿ ಜರ್ಮನಿಯ ದೂರವಾಣಿ ಸಂಸ್ಥೆ ಡಾಯ್ಚ ಟೆಲಿಕಾಮ್ ಇವರನ್ನು ಕೋರ್ಟಿಗೂ ಎಳೆಯಿತು. ಆದರೆ ನಗುಮುಖದ ವಿಮೆ ಅಮೆರಿಕಕ್ಕೆ ಹೊಸದಾಗಿರಲಿಲ್ಲ. ಗೈಕೋ ಕಂಪನಿಯ ಮಾತಾಡುವ ಹಲ್ಲಿ 1999ರಿಂದಲೇ ಅಲ್ಲಿನ ಟಿವಿಯಲ್ಲಿತ್ತು, ಪ್ರೊಗ್ರೆಸಿವ್ ಕಂಪನಿಯ ಫ್ಲೋ ಎಂಬ ಅಂಗಡಿಯಾಕೆ 2008ರಿಂದ ಜನರನ್ನು ನಗಿಸುತ್ತಿದ್ದಳು. ಹಲ್ಲಿ ಎಷ್ಟೇ ಮುದ್ದಾಗಿದ್ದರೂ ಪಾಲಿಸಿಯ ಕಾಗದ ಮೊದಲಿನಂತೆಯೇ ಉಳಿದಿತ್ತು. ಲೆಮನೇಡ್ ಕೈಹಾಕಿದ್ದು ಜಾಹೀರಾತಿನ ಹಿಂದಿದ್ದ ಎರಡು ವಸ್ತುಗಳಿಗೆ: ಹಣದ ಲೆಕ್ಕ ಮತ್ತು ಕರಾರಿನ ಬರಹ. ಅದರ ಬ್ರ್ಯಾಂಡ್ ಎಂಬುದು ಏನಾದರೂ ಇದ್ದರೆ ಅದು ಇವೆರಡರಲ್ಲಿದೆ.

ಮೊದಲು ಹಣ. ವಿಮೆಯ ಬಗ್ಗೆ ಜನರಿಗಿರುವ ಅನುಮಾನಕ್ಕೆ ಒಂದು ಸರಳ ಕಾರಣವಿದೆ. ನೀವು ಕಟ್ಟಿದ ಪ್ರೀಮಿಯಂನಲ್ಲಿ ಕ್ಲೇಮಿಗೆ ಹೋಗದೆ ಉಳಿದದ್ದು ಕಂಪನಿಯದು. ನಿಮಗೆ ಕೊಡದ ಪ್ರತಿಯೊಂದು ರೂಪಾಯಿಯೂ ಅದರ ಲಾಭಕ್ಕೆ ಸೇರುತ್ತದೆ. ಕಂಪನಿ ಪ್ರಾಮಾಣಿಕವಾಗಿಯೇ ನಡೆದುಕೊಂಡರೂ ಈ ಅನುಮಾನ ಹೋಗುವುದಿಲ್ಲ. ಅನುಮಾನವಿದ್ದಲ್ಲಿ ಗ್ರಾಹಕನೂ ತನ್ನ ಕಡೆಯಿಂದ ಒಂದಿಷ್ಟು ಸೇರಿಸುತ್ತಾನೆ. ಕಳೆದುಹೋದ ಹಳೆಯ ಲ್ಯಾಪ್‌ಟಾಪ್ ಕ್ಲೇಮಿನ ಅರ್ಜಿಯಲ್ಲಿ ಹೊಸದಾಗುತ್ತದೆ. ಅದನ್ನು ತಡೆಯಲು ಕಂಪನಿ ಇನ್ನಷ್ಟು ಷರತ್ತು ಬರೆಯುತ್ತದೆ, ಇನ್ನಷ್ಟು ದಾಖಲೆ ಕೇಳುತ್ತದೆ. ಪಾಲಿಸಿ ಮತ್ತಷ್ಟು ಉದ್ದವಾಗುತ್ತದೆ, ಗ್ರಾಹಕನ ಅನುಮಾನವೂ ಅದರ ಜೊತೆಗೆ ಬೆಳೆಯುತ್ತದೆ.

ಲೆಮನೇಡ್ ಇದಕ್ಕೆ ಕಂಡುಕೊಂಡ ದಾರಿ ಹೀಗಿತ್ತು. ಪ್ರೀಮಿಯಂ ನೂರು ಡಾಲರ್ ಬಂದರೆ ಇಪ್ಪತ್ತು ಡಾಲರ್ ಕಂಪನಿಯ ಶುಲ್ಕ. ಅದರಲ್ಲೇ ಸಂಬಳ, ಜಾಹೀರಾತು, ಲಾಭ ಎಲ್ಲವೂ ಆಗಬೇಕು. ಈ ಶುಲ್ಕ ಮುಂದೆ ಇಪ್ಪತ್ತೈದಕ್ಕೆ ಏರಿತು. ಉಳಿದದ್ದು ಕ್ಲೇಮುಗಳಿಗೆ ಮತ್ತು ಮರುವಿಮೆಗೆ. ಮರುವಿಮೆ ಎಂದರೆ ವಿಮಾ ಕಂಪನಿ ತನಗೇ ಮಾಡಿಸಿಕೊಳ್ಳುವ ವಿಮೆ, ಕ್ಲೇಮುಗಳು ಮಿತಿ ಮೀರಿದ ವರ್ಷ ಮರುವಿಮೆಯವರು ಭಾರ ಹೊರುತ್ತಾರೆ. ಕ್ಲೇಮುಗಳು ಕಡಿಮೆಯಾಗಿ ಹಣ ಉಳಿದರೆ? ಅದು ಕಂಪನಿಗೂ ಇಲ್ಲ, ಗ್ರಾಹಕನಿಗೂ ಇಲ್ಲ. ಪಾಲಿಸಿ ಕೊಳ್ಳುವಾಗಲೇ ಗ್ರಾಹಕ ಒಂದು ಸೇವಾ ಸಂಸ್ಥೆಯನ್ನು ಆರಿಸಿರುತ್ತಾನೆ. ಒಂದೇ ಸಂಸ್ಥೆಯನ್ನು ಆರಿಸಿದವರೆಲ್ಲ ಸೇರಿ ಒಂದು ಗುಂಪು, ಆ ಗುಂಪಿನಲ್ಲಿ ಉಳಿದ ಹಣ ವರ್ಷಕ್ಕೊಮ್ಮೆ ಆ ಸಂಸ್ಥೆಗೆ ಹೋಗುತ್ತದೆ.

ಇದನ್ನು ದಾನಧರ್ಮದ ಪ್ರದರ್ಶನವೆಂದು ತಿಳಿದರೆ ಒಳಗಿನ ಜಾಣ್ಮೆ ಕಾಣುವುದಿಲ್ಲ. ಕ್ಲೇಮ್ ತಿರಸ್ಕರಿಸಿದರೆ ಕಂಪನಿಗೆ ಲಾಭವಿಲ್ಲ, ಆದ್ದರಿಂದ ಅನುಮಾನಕ್ಕೆ ಆಸ್ಪದ ಕಡಿಮೆ. ಇತ್ತ ಸುಳ್ಳು ಲೆಕ್ಕ ಕೊಟ್ಟ ಗ್ರಾಹಕ ಕಿತ್ತುಕೊಳ್ಳುವುದು ಶ್ರೀಮಂತ ಕಂಪನಿಯ ಹಣವನ್ನಲ್ಲ, ತಾನೇ ಆರಿಸಿದ ಸಂಸ್ಥೆಗೆ ಸೇರಬೇಕಾದ ಹಣವನ್ನು. ಎರಡೂ ಕಡೆಯ ಪ್ರಲೋಭನೆಯನ್ನು ಒಂದೇ ಕೊಂಡಿಯಲ್ಲಿ ಕಟ್ಟಿಹಾಕುವ ಉಪಾಯವಿದು. 2017ರಲ್ಲಿ ಹೀಗೆ ಹೋದದ್ದು ಸುಮಾರು 53 ಸಾವಿರ ಡಾಲರ್, 2019ರ ಹೊತ್ತಿಗೆ ಅದು ಆರು ಲಕ್ಷ ದಾಟಿತ್ತು. ಜೊತೆಗೆ ಕಂಪನಿ ತನ್ನ ಒಳಗಿನ ಅಂಕಿಅಂಶಗಳನ್ನು, ಕೆಟ್ಟವನ್ನೂ ಸೇರಿಸಿ, ಆಗಾಗ ಪ್ರಕಟಿಸುತ್ತಿತ್ತು. 2018ರಲ್ಲಿ ನೂರು ಡಾಲರ್ ಪ್ರೀಮಿಯಂಗೆ ಅದರ ಕ್ಲೇಮುಗಳ ಹೊರೆ 113 ಡಾಲರ್ ಇತ್ತು, ಮರುವರ್ಷ 79ಕ್ಕೆ ಇಳಿಯಿತು. ಬೇರೆಯವರು ಷೇರುದಾರರ ವರದಿಯ ಮೂಲೆಯಲ್ಲಿ ಇಡುವ ಸಂಖ್ಯೆಯಿದು.

ಈ ಏರ್ಪಾಡಿನ ಮಿತಿಯನ್ನೂ ಹೇಳಲೇಬೇಕು. ಕಂಪನಿಯ ಶುಲ್ಕ ಸ್ಥಿರವಾಗಿರಲು ಸಾಧ್ಯವಾದದ್ದು ಅಪಾಯದ ಬಹುಪಾಲನ್ನು ಮರುವಿಮೆಯವರು ಹೊತ್ತಿದ್ದರಿಂದ. 2020ರಲ್ಲಿ ಷೇರುಪೇಟೆಗೆ ಬಂದ ಹೊತ್ತಿನಲ್ಲಿ ಪ್ರೀಮಿಯಂನ ನೂರಕ್ಕೆ 75 ಭಾಗ ಅವರಿಗೆ ಹೋಗುತ್ತಿತ್ತು. ಆಮೇಲೆ ಆ ಪಾಲು ಸುಮಾರು 55ಕ್ಕೆ, 2025ರ ಜುಲೈಯಲ್ಲಿ ಸುಮಾರು 20ಕ್ಕೆ ಇಳಿಯಿತು. ಅಂದರೆ ಈಗ ಕ್ಲೇಮಿಗೆ ಹೋಗುವ ಹಣದಲ್ಲಿ ಹೆಚ್ಚಿನದು ಕಂಪನಿಯದೇ. ವ್ಯವಹಾರ ಗಟ್ಟಿಯಾದಾಗ ಲಾಭವನ್ನು ತಾನೇ ಇಟ್ಟುಕೊಳ್ಳುವುದು ಸಹಜ. ಆದರೆ ‘ನಿಮ್ಮ ಕ್ಲೇಮ್ ನಿರಾಕರಿಸಿ ನಮಗೇನೂ ಸಿಗುವುದಿಲ್ಲ’ ಎಂಬ ಮಾತು ಮೊದಲಿನಷ್ಟು ಬಲವಾಗಿ ಇನ್ನು ನಿಲ್ಲುವುದಿಲ್ಲ. ವಿಮಾ ಕಂಪನಿಯ ಮಾತನ್ನು ಅಳೆಯಬೇಕೆಂದರೆ ಅದರ ಮರುವಿಮೆಯ ಒಪ್ಪಂದವನ್ನು ನೋಡಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇನ್ನು ಬರಹ. ವಿಮಾ ಪಾಲಿಸಿಯ ಭಾಷೆ ಯಾಕೆ ಹಾಗಿರುತ್ತದೆ? ಗ್ರಾಹಕನನ್ನು ಗೊಂದಲಕ್ಕೆ ಕೆಡವಲು ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾದ ಕಾರಣ ಇನ್ನೊಂದು. ಕರಾರಿನ ಮಾತಿಗೆ ಎರಡು ಅರ್ಥ ಬಂದರೆ ಅದನ್ನು ಬರೆದವರ ವಿರುದ್ಧವಾಗಿ ಓದಬೇಕು ಎಂಬುದು ನ್ಯಾಯಾಲಯಗಳ ಹಳೆಯ ನಿಯಮ. ಆದ್ದರಿಂದ ಕಂಪನಿ ಒಂದು ಮೊಕದ್ದಮೆ ಸೋತಾಗಲೆಲ್ಲ ಪಾಲಿಸಿಗೆ ಇನ್ನೊಂದು ವಾಕ್ಯ ಸೇರುತ್ತದೆ. ನ್ಯಾಯಾಲಯ ಒಮ್ಮೆ ಅರ್ಥ ಹೇಳಿದ ವಾಕ್ಯವನ್ನು ವಕೀಲರು ಮತ್ತೆ ಮುಟ್ಟಲು ಬಿಡುವುದಿಲ್ಲ. ಹೊಸ ಮಾತು ಎಷ್ಟೇ ತಿಳಿಯಾಗಿದ್ದರೂ ಅದರ ಅರ್ಥ ಇನ್ನೂ ಕೋರ್ಟಿನಲ್ಲಿ ಪರೀಕ್ಷೆಗೆ ಬಂದಿಲ್ಲ, ಹಳೆಯದು ಬಂದಿದೆ. ಹೀಗೆ ದಶಕಗಳ ಜಗಳಗಳೆಲ್ಲ ಪದರಪದರವಾಗಿ ಕೂತ ಕಾಗದ ಅದು. ಅಮೆರಿಕದಲ್ಲಿ ಸೆಂಟ್ರಿ ಎಂಬ ಕಂಪನಿ 1970ರ ದಶಕದಲ್ಲೇ ಆಡುಮಾತಿನ ಕಾರು ಪಾಲಿಸಿ ಬರೆಯಿತು. ಅಲ್ಲಿನ ಹಲವು ರಾಜ್ಯಗಳು ಪಾಲಿಸಿಯ ಓದಿಗೆ ಅಂಕವನ್ನೇ ಗೊತ್ತುಮಾಡಿವೆ. ರುಡಾಲ್ಫ್ ಫ್ಲೆಶ್ ರೂಪಿಸಿದ ಆ ಪರೀಕ್ಷೆ ವಾಕ್ಯದ ಉದ್ದ ಮತ್ತು ಪದದ ಉದ್ದವನ್ನು ಎಣಿಸಿ ನೂರರ ಒಳಗೆ ಅಂಕ ಕೊಡುತ್ತದೆ, 40 ಅಥವಾ 45 ಬಂದರೆ ಪಾಸು. ಆದರೆ ವಾಕ್ಯವನ್ನು ತುಂಡು ಮಾಡಿ ಅಂಕ ಗಿಟ್ಟಿಸಬಹುದು. ಒಂದು ಷರತ್ತು ಎಂಟನೇ ಪುಟದಲ್ಲಿದ್ದು ಅದರ ವಿನಾಯಿತಿ ಮೂವತ್ತೊಂದನೇ ಪುಟದಲ್ಲಿದ್ದರೆ ಆ ಪರೀಕ್ಷೆಗೆ ಗೊತ್ತಾಗುವುದಿಲ್ಲ.

ಲೆಮನೇಡ್ 2018ರ ಮೇ ತಿಂಗಳಲ್ಲಿ ‘ಪಾಲಿಸಿ 2.0’ ಎಂಬ ಕರಡನ್ನು ಹೊರತಂದಿತು. ಹಳೆಯದನ್ನು ತಿದ್ದುವ ಬದಲು ಖಾಲಿ ಹಾಳೆಯಿಂದ ಬರೆದ ಕರಾರು ಅದು. ಉದ್ದ ಹಳೆಯ ಪಾಲಿಸಿಗಿಂತ ಹಲವು ಪಟ್ಟು ಕಡಿಮೆ. ‘ನಾವು’, ‘ನೀವು’ ಎಂದು ಮಾತಾಡುತ್ತದೆ, ಯಾವುದಕ್ಕೆ ಹಣ ಸಿಗುತ್ತದೆ, ಯಾವುದಕ್ಕಿಲ್ಲ ಎಂಬುದನ್ನು ಅಕ್ಕಪಕ್ಕದಲ್ಲೇ ಹೇಳುತ್ತದೆ. ಇನ್ನೂ ವಿಶೇಷವೆಂದರೆ, ಸಾಫ್ಟ್‌ವೇರ್ ಬರೆಯುವವರು ತಮ್ಮ ಕೆಲಸವನ್ನು ಎಲ್ಲರ ಮುಂದೆ ತೆರೆದಿಡುವ ಗಿಟ್‌ಹಬ್ ತಾಣದಲ್ಲಿ ಅದನ್ನು ಹಾಕಿ, ಯಾರು ಬೇಕಾದರೂ ತಿದ್ದಲು ಸಲಹೆ ಕೊಡಿ, ಪ್ರತಿಸ್ಪರ್ಧಿಗಳೂ ಬಳಸಿಕೊಳ್ಳಿ ಎಂದರು. ಅಮೆರಿಕದಲ್ಲಿ ಪ್ರತಿ ರಾಜ್ಯದ ನಿಯಂತ್ರಕರೂ ಪಾಲಿಸಿಯ ಬರಹವನ್ನು ಒಪ್ಪಬೇಕಾದ್ದರಿಂದ ಅಲ್ಲಿ ಅದು ಸುಲಭವಾಗಿರಲಿಲ್ಲ. ಗ್ರಾಹಕರಿಗೆ ಮೊದಲು ಸಿಕ್ಕಿದ್ದು 2019ರಲ್ಲಿ, ಜರ್ಮನಿಯಲ್ಲಿ. ತಿಳಿಯಾದ ಬರಹಕ್ಕೆ ಕಂಪನಿ ತೆರುವ ಬೆಲೆಯೂ ಇದೆ. ಷರತ್ತು ಚಿಕ್ಕದಾದಷ್ಟೂ ಅದರಲ್ಲಿ ಹೇಳದೆ ಉಳಿದ ಸಂದರ್ಭಗಳು ಹೆಚ್ಚು, ಮೇಲೆ ಹೇಳಿದ ನಿಯಮದ ಪ್ರಕಾರ ಅವೆಲ್ಲ ಗ್ರಾಹಕನ ಪರವಾಗಿ ತೀರ್ಮಾನವಾಗುತ್ತವೆ. ಆ ನಷ್ಟವನ್ನು ತಾಳಿಕೊಳ್ಳಲು ಸಿದ್ಧವಿರುವ ಕಂಪನಿ ಮಾತ್ರ ಸರಳವಾಗಿ ಬರೆಯಬಲ್ಲದು.

ಇಷ್ಟು ಸರಿಯಾಗಿ ಯೋಚಿಸಿದ್ದ ಕಂಪನಿ ಎಡವಿದ್ದು ಕ್ಲೇಮಿನ ಕೋಣೆಯಲ್ಲಿ. ಅಲ್ಲಿ ಕ್ಲೇಮ್ ಮಾಡುವವರು ಮೊದಲು ಫೋನಿನ ಪರದೆಯ ಮೇಲೆ ‘ನಿಜವನ್ನೇ ಹೇಳುತ್ತೇನೆ’ ಎಂಬ ಪ್ರತಿಜ್ಞೆಗೆ ಸಹಿ ಮಾಡಬೇಕು. ಆಮೇಲೆ ಕ್ಯಾಮೆರಾ ನೋಡಿ ನಡೆದದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು. 2016ರ ಡಿಸೆಂಬರಿನಲ್ಲಿ ಕಳವಾದ 979 ಡಾಲರಿನ ಚಳಿಕೋಟಿಗೆ ಮೂರೇ ಸೆಕೆಂಡಿನಲ್ಲಿ ಹಣ ಮಂಜೂರಾಯಿತು ಎಂದು ಕಂಪನಿ ಸಾರಿತ್ತು. ಮುಂಚೆಯೇ ಸಹಿ ಹಾಕಿಸಿದರೆ ಜನ ಸುಳ್ಳು ಹೇಳುವುದು ಕಡಿಮೆ ಎಂಬ ವಿಚಾರಕ್ಕೆ ಆಧಾರವಾಗಿದ್ದುದು 2012ರ ಒಂದು ಪ್ರಸಿದ್ಧ ಅಧ್ಯಯನ. ಅದನ್ನು ಬರೆದವರಲ್ಲಿ ಒಬ್ಬರಾದ ಡಾನ್ ಏರಿಯಲಿ ಲೆಮನೇಡ್‌ನಲ್ಲೇ ಮನುಷ್ಯ ನಡವಳಿಕೆಯ ಮುಖ್ಯ ಅಧಿಕಾರಿಯಾಗಿದ್ದರು. 2020ರಲ್ಲಿ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಫಲ ಬರಲಿಲ್ಲ. 2021ರಲ್ಲಿ ಅಧ್ಯಯನದ ಒಂದು ಭಾಗದ ದತ್ತಾಂಶವೇ ಕಲ್ಪಿತವೆಂದು ಸಂಶೋಧಕರು ತೋರಿಸಿದರು, ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ದತ್ತಾಂಶವನ್ನು ತಾನು ತಿರುಚಿಲ್ಲ ಎಂದು ಏರಿಯಲಿ ಹೇಳಿದ್ದಾರೆ. ಆ ದತ್ತಾಂಶ ಬಂದಿದ್ದು ಕಾರು ವಿಮೆಯ ಅರ್ಜಿಗಳಿಂದ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕಂಪನಿಯ ಸ್ವಂತ ಮಾತಿನಿಂದ. 2021ರ ಮೇ ತಿಂಗಳಲ್ಲಿ ಅದು ಟ್ವಿಟರ್‌ನಲ್ಲಿ ಹೆಮ್ಮೆಯಿಂದ ಬರೆಯಿತು: ಕ್ಲೇಮ್ ವಿಡಿಯೋಗಳನ್ನು ನಮ್ಮ ತಂತ್ರಾಂಶ ಪರಿಶೀಲಿಸುತ್ತದೆ, ಮಾತಿನಾಚೆಯ ಸೂಚನೆಗಳಿಂದಲೂ ಮೋಸವನ್ನು ಪತ್ತೆ ಮಾಡಬಲ್ಲದು ಎಂದು. ಓದಿದವರಿಗೆ ಬೇರೆಯೇ ಅರ್ಥವಾಯಿತು. ಮನೆ ಕಳವಾಗಿ ದಿಕ್ಕೆಟ್ಟವನ ಮುಖಚಹರೆ, ಮಾತಿನ ತಡವರಿಕೆ, ಮೈಬಣ್ಣ ನೋಡಿ ಯಂತ್ರ ಇವನು ಕಳ್ಳನೆಂದು ತೀರ್ಮಾನಿಸುತ್ತದೆಯೇ? ಕಂಪನಿ ಬರಹವನ್ನು ಅಳಿಸಿತು, ಪದಗಳ ಆಯ್ಕೆ ತಪ್ಪಾಯಿತು ಎಂದಿತು, ಮುಖ ನೋಡಿ ಕ್ಲೇಮ್ ತಿರಸ್ಕರಿಸುವುದಿಲ್ಲ ಎಂದು ವಿವರಿಸಿತು. ಗ್ರಾಹಕರ ಮುಖದ ದತ್ತಾಂಶ ಸಂಗ್ರಹಿಸಿದ ಬಗ್ಗೆ ಹೂಡಿದ ದಾವೆಯನ್ನು ಮರುವರ್ಷ 40 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಐದು ವರ್ಷ ‘ನಾವು ನಿಮ್ಮನ್ನು ನಂಬುತ್ತೇವೆ’ ಎನ್ನುತ್ತ ಬಂದವರು ಒಳಗೆ ಏನು ಅಳೆಯುತ್ತಿದ್ದೇವೆಂಬುದನ್ನು ಗ್ರಾಹಕನಿಗೆ ಮೊದಲೇ ಅದೇ ತಿಳಿಮಾತಿನಲ್ಲಿ ಹೇಳಿರಲಿಲ್ಲ. ಸರಳತೆ ಮಾರಾಟದ ಪುಟದಲ್ಲಿತ್ತು, ಪರಿಶೀಲನೆಯ ಪುಟದಲ್ಲಿರಲಿಲ್ಲ. ನನ್ನ ಲೆಕ್ಕದಲ್ಲಿ ಇದೇ ಆ ಕಥೆಯ ತಿರುಳು.

ನಮ್ಮ ಕಡೆಗೆ ಬಂದರೆ, ಯಾವ ಮಾತನ್ನು ಮೊದಲು ಬಿಡಿಸಿ ಬರೆಯಬೇಕು ಎಂದು ಹುಡುಕುವ ಕಂಪನಿಗೆ ಆರೋಗ್ಯ ವಿಮೆಯ ಒಂದು ಸಾಲು ಸಾಕು: ‘ಕೊಠಡಿ ಬಾಡಿಗೆ ವಿಮಾ ಮೊತ್ತದ ಶೇ. 1’. ಒಂದು ಲೆಕ್ಕ ಮಾಡಿ ನೋಡೋಣ. ವಿಮೆ ಮೂರು ಲಕ್ಷದ್ದು, ಅಂದರೆ ದಿನಕ್ಕೆ 3,000 ರೂಪಾಯಿಯ ಕೊಠಡಿಗೆ ಅವಕಾಶ. ಅಂಥದ್ದು ಖಾಲಿಯಿಲ್ಲವೆಂದು ಮನೆಯವರು 6,000 ರೂಪಾಯಿಯ ಕೊಠಡಿ ಹಿಡಿಯುತ್ತಾರೆ. ನಾಲ್ಕು ದಿನಕ್ಕೆ ಬಾಡಿಗೆ 24,000. ವೈದ್ಯರು, ಶಸ್ತ್ರಚಿಕಿತ್ಸೆ, ಶುಶ್ರೂಷೆ ಸೇರಿ ಒಂದು ಲಕ್ಷ. ಔಷಧಿ ಮತ್ತು ಪರೀಕ್ಷೆಗಳು 50,000. ಒಟ್ಟು 1,74,000. ಬಾಡಿಗೆಯ ವ್ಯತ್ಯಾಸ 12,000 ತಾನೇ, ಅದನ್ನು ನಾವೇ ಕಟ್ಟೋಣ ಎಂದು ಅವರು ಅಂದುಕೊಂಡಿರುತ್ತಾರೆ. ಆದರೆ ಇಂಥ ಪಾಲಿಸಿಗಳಲ್ಲಿ ಅನುಪಾತದ ಕಡಿತ ಎಂಬ ಇನ್ನೊಂದು ಷರತ್ತಿರುತ್ತದೆ. ಕೊಠಡಿ ಅರ್ಹತೆಯ ಎರಡರಷ್ಟು ದುಬಾರಿಯಾದರೆ, ಕೊಠಡಿಯ ದರ್ಜೆಗೆ ತಕ್ಕಂತೆ ಏರಿಳಿಯುವ ಉಳಿದ ಖರ್ಚುಗಳಲ್ಲೂ ಅರ್ಧವೇ ಸಿಗುತ್ತದೆ. ಬಾಡಿಗೆಯಲ್ಲಿ 12,000, ವೈದ್ಯರ ಲೆಕ್ಕದಲ್ಲಿ 50,000 ಕೈಬಿಟ್ಟುಹೋಯಿತು. ಔಷಧಿ, ಪರೀಕ್ಷೆಗಳಿಗೆ ಈ ಕಡಿತವಿಲ್ಲದ್ದರಿಂದ ಅದಷ್ಟು ಪೂರ್ತಿ ಸಿಕ್ಕಿತು. ಮನೆಯವರ ಪಾಲಿಗೆ 62,000. ಇಲ್ಲಿ ಕಂಪನಿ ಕರಾರನ್ನು ಮುರಿದಿಲ್ಲ, ಆದರೂ ಆ ಮನೆಯವರು ಮೋಸ ಹೋದೆವೆಂದೇ ಊರಿಗೆಲ್ಲ ಹೇಳುತ್ತಾರೆ. ‘ದಿನಕ್ಕೆ 3,000ಕ್ಕಿಂತ ದುಬಾರಿ ಕೊಠಡಿ ಹಿಡಿದರೆ ಆಪರೇಷನ್ ಖರ್ಚಿನಲ್ಲೂ ಕಡಿತವಾಗುತ್ತದೆ’ ಎಂಬ ಒಂದೇ ವಾಕ್ಯ ಪಾಲಿಸಿ ಕಾರ್ಡಿನ ಹಿಂಬದಿಯಲ್ಲಿ ಇದ್ದಿದ್ದರೆ ಅವರು ಬೇರೆ ಕೊಠಡಿ ಕೇಳುತ್ತಿದ್ದರು. ಇಂಥ ವಾಕ್ಯ ಬರೆಯಲು ಮಾರಾಟ ವಿಭಾಗ ಒಪ್ಪುವುದು ಕಷ್ಟ, ಏಕೆಂದರೆ ಓದಿದ ಕೆಲವರು ಆ ಪಾಲಿಸಿಯನ್ನೇ ಬೇಡ ಎನ್ನುತ್ತಾರೆ. ಹಾಗೆ ಬೇಡ ಎಂದವರು ನಾಳೆ ಜಗಳಕ್ಕೆ ಬರುವವರಲ್ಲ ಎಂಬ ಲೆಕ್ಕವನ್ನು ಕಂಪನಿ ಮಾಡಿಕೊಳ್ಳಬೇಕು.

ಬೆಂಗಳೂರಿನಲ್ಲಿ ಕಚೇರಿಯಿರುವ ಡಿಜಿಟ್ ಕಂಪನಿ ತನ್ನ ದಾಖಲೆಗಳು ಹದಿನೈದು ವರ್ಷದವರಿಗೂ ಅರ್ಥವಾಗುವಂತಿರಬೇಕು ಎಂಬುದನ್ನೇ ತನ್ನ ಗುರುತಾಗಿ ಹೇಳಿಕೊಂಡಿದೆ. ಕಾನೂನೂ ಈ ಕಡೆಗೆ ತಿರುಗಿದೆ. 2024ರ ಜನವರಿ 1ರಿಂದ ಆರೋಗ್ಯ ಪಾಲಿಸಿಯ ಜೊತೆ, ಮುಖ್ಯ ಷರತ್ತುಗಳನ್ನು ಸರಳವಾಗಿ ಹೇಳುವ ಗ್ರಾಹಕ ಮಾಹಿತಿ ಹಾಳೆಯನ್ನು ಹೊಸ ನಮೂನೆಯಲ್ಲಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ವಿಧಿಸಿದೆ. ಕೇಳಿದವರಿಗೆ ಅದನ್ನು ಅವರ ಭಾಷೆಯಲ್ಲೂ ಕೊಡಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಮ್ಮ ಹಕ್ಕು. ಕೇಳಿದಾಗ ಏಜೆಂಟ್ ತಕ್ಷಣ ಕೈಗಿಡುತ್ತಾರೋ, ‘ಎಲ್ಲ ಅದರಲ್ಲೇ ಇದೆ ಸಾರ್, ಸಹಿ ಹಾಕಿ’ ಎನ್ನುತ್ತಾರೋ ಎಂಬುದರಲ್ಲೇ ಕಂಪನಿಯ ಪರಿಚಯವಾಗಿಬಿಡುತ್ತದೆ.

ನಾನು ವಿಮಾ ಕಂಪನಿಯೊಂದಕ್ಕೆ ಸಲಹೆ ಕೊಡುವವನಾಗಿದ್ದರೆ ಲಾಂಛನಕ್ಕೆ ಮೊದಲು, ಜಾಹೀರಾತಿಗೆ ಮೊದಲು, ಕ್ಲೇಮ್ ತಿರಸ್ಕಾರದ ಪತ್ರವನ್ನು ತರಿಸಿ ನೋಡುತ್ತಿದ್ದೆ. 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕರಿಸುವಂತಿಲ್ಲ, ಯಾವ ಷರತ್ತಿನ ಆಧಾರದಲ್ಲಿ ಎಂಬುದನ್ನು ಪತ್ರದಲ್ಲಿ ಹೇಳಬೇಕು. ಆದರೆ ‘ಷರತ್ತು 4.2ರ ಅನ್ವಯ’ ಎಂದು ಬರೆದರೂ ನಿಯಮ ಪಾಲಿಸಿದಂತಾಗುತ್ತದೆ. ನಾನು ಆ ಪತ್ರದಲ್ಲಿ ನಾಲ್ಕು ಸಂಗತಿ ಹುಡುಕುತ್ತೇನೆ: ಷರತ್ತಿನ ಪೂರ್ತಿ ವಾಕ್ಯ, ಅದು ಈ ರೋಗಿಗೆ ಹೇಗೆ ಅನ್ವಯಿಸಿತು ಎಂಬ ವಿವರಣೆ, ಮಾರುವ ದಿನ ಈ ಷರತ್ತನ್ನು ಗ್ರಾಹಕರಿಗೆ ಯಾವ ಹಾಳೆಯಲ್ಲಿ ತೋರಿಸಲಾಗಿತ್ತು ಎಂಬ ಮಾತು, ಮತ್ತು ಒಪ್ಪಿಗೆಯಾಗದಿದ್ದರೆ ಯಾವ ಒಂಬುಡ್ಸ್‌ಮನ್ ಕಚೇರಿಗೆ ಹೋಗಬೇಕು ಎಂಬ ವಿಳಾಸ. ಮೂರನೆಯದನ್ನು ಬರೆಯಲು ಕೂತಾಗ ಗುಮಾಸ್ತರ ಕೈ ನಿಂತರೆ, ಆ ಷರತ್ತನ್ನು ಮಾರಾಟದ ದಿನ ಯಾರೂ ಹೇಳಿಯೇ ಇರಲಿಲ್ಲ ಎಂದರ್ಥ. ತಿದ್ದುವ ಕೆಲಸ ಅಲ್ಲಿಂದ ಶುರುವಾಗಬೇಕು.